ಗೊರಕೆಯೋ, ಸ್ಲೀಪ್ ಅಪ್ನಿಯಾನೋ? ಮನೆಯಲ್ಲೇ ಗುರುತು ಹಿಡಿಯುವ ಬಗೆ

"ನಮ್ಮ ಮನೆಯವರು ಜೋರಾಗಿ ಗೊರಕೆ ಹೊಡೀತಾರೆ. ಇದು ಬರೀ ಗೊರಕೆನಾ, ಇಲ್ಲಾ ಸ್ಲೀಪ್ ಅಪ್ನಿಯಾನಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಗೊರಕೆ ಹೊಡೆಯುವವರಲ್ಲ, ಪಕ್ಕದಲ್ಲಿ ಮಲಗುವವರು. ಅದಕ್ಕೆ ಕಾರಣವೂ ಇದೆ. ಗೊರಕೆ ಹೊಡೆಯುವವರಿಗೆ ತಮ್ಮ ರಾತ್ರಿ ಹೇಗಿತ್ತು ಅಂತ ಗೊತ್ತೇ ಇರುವುದಿಲ್ಲ. ಹಾಗಾಗಿ ಈ ಲೇಖನ ಮುಖ್ಯವಾಗಿ ಪಕ್ಕದಲ್ಲಿ ಮಲಗುವವರಿಗೆ. ಒಂಟಿಯಾಗಿ ಮಲಗುವವರು ಏನು ಮಾಡಬಹುದು ಅನ್ನುವುದನ್ನೂ ನಡುವೆ ಹೇಳಿದ್ದೇನೆ.

ಬೇಕಾಗುವ ವಸ್ತುಗಳು ಕಡಿಮೆ. ವಿಡಿಯೊ ಮಾಡಬಲ್ಲ ಫೋನು, ಅದರ ಚಾರ್ಜರ್, ಮಂದ ಬೆಳಕಿನ ಒಂದು ನೈಟ್ ಲ್ಯಾಂಪ್, ದರ್ಜಿ ಬಳಸುವ ಅಳತೆ ಟೇಪು, ಬರೆದಿಡಲು ಒಂದು ಹಾಳೆ. ಜೊತೆಗೆ ಗೊರಕೆ ಹೊಡೆಯುವವರ ಒಪ್ಪಿಗೆ. ಅವರಿಗೆ ಹೇಳದೆ ರೆಕಾರ್ಡ್ ಮಾಡಿದರೆ ಮರುದಿನ ಜಗಳವಾಗುತ್ತದೆ, ಆಸ್ಪತ್ರೆಗೆ ಹೋಗುವ ಮಾತೇ ಬರುವುದಿಲ್ಲ.

ಹಂತ 1: ಸದ್ದು ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದಿಟ್ಟು, ಬಾಯಿಯ ಮೇಲ್ಭಾಗವನ್ನು ಸವರುತ್ತಾ ಹಿಂದಕ್ಕೆ ಹೋಗಿ. ಮೊದಲು ಗಟ್ಟಿಯಾಗಿರುತ್ತದೆ. ಸ್ವಲ್ಪ ಹಿಂದೆ ಹೋದರೆ ಮೆತ್ತಗಾಗುತ್ತದೆ. ಆ ಮೆತ್ತನೆಯ ಭಾಗಕ್ಕೆ ಮೃದು ಅಂಗುಳ ಎನ್ನುತ್ತಾರೆ. ಒಳಗೆ ಮೂಳೆ ಇಲ್ಲ, ಬರೀ ಸ್ನಾಯು ಮತ್ತು ಪೊರೆ. ಅದರ ತುದಿಯಲ್ಲಿ ಜೋತಾಡುವುದೇ ಕಿರುನಾಲಿಗೆ.

ಮೃದು ಅಂಗುಳದಿಂದ ಕೆಳಗೆ ಧ್ವನಿಪೆಟ್ಟಿಗೆಯವರೆಗಿನ ಗಂಟಲನ್ನು ಬಿಗಿಯಾಗಿ ತೆರೆದು ಹಿಡಿಯಲು ಮೂಳೆಯ ಚೌಕಟ್ಟು ಇಲ್ಲ. ಮೂಗಿಗೆ ಮೂಳೆ ಮತ್ತು ಮೃದ್ವಸ್ಥಿಯ ಆಧಾರವಿದೆ. ಶ್ವಾಸನಾಳಕ್ಕೆ ಉಂಗುರದಂಥ ಮೃದ್ವಸ್ಥಿಗಳಿವೆ. ನಡುವಿನ ಈ ಭಾಗವನ್ನು ತೆರೆದಿಡುವ ಕೆಲಸ ಸ್ನಾಯುಗಳದ್ದು. ಎಚ್ಚರವಿದ್ದಾಗ ಅವು ಬಿಗಿಯಾಗಿರುತ್ತವೆ. ನಿದ್ದೆ ಬಂದ ಕೂಡಲೇ ಸಡಿಲವಾಗುತ್ತವೆ. ಅಂಗಾತ ಮಲಗಿದ್ದರೆ ನಾಲಿಗೆಯ ಬುಡವೂ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾಗುತ್ತದೆ.

ಕಿರಿದಾದ ದಾರಿಯಲ್ಲಿ ಗಾಳಿ ವೇಗವಾಗಿ ಹೋಗಬೇಕು. ವೇಗ ಹೆಚ್ಚಿದಾಗ ಆ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ, ಸಡಿಲವಾದ ಗೋಡೆಗಳು ಒಳಕ್ಕೆ ಸೆಳೆಯಲ್ಪಡುತ್ತವೆ. ಕ್ಷಣಕಾಲ ದಾರಿ ಇನ್ನೂ ಕಿರಿದಾಗುತ್ತದೆ, ಮತ್ತೆ ತೆರೆಯುತ್ತದೆ, ಮತ್ತೆ ಸೆಳೆಯುತ್ತದೆ. ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ಹೀಗೆ ಆದಾಗ ಕೇಳಿಸುವ ಗರಗರ ಸದ್ದೇ ಗೊರಕೆ. ಹೆಚ್ಚಾಗಿ ಕಂಪಿಸುವುದು ಮೃದು ಅಂಗುಳ ಮತ್ತು ಕಿರುನಾಲಿಗೆ. ಗಂಟಲಿನ ಪಕ್ಕದ ಗೋಡೆಗಳು, ದೊಡ್ಡದಾದ ಟಾನ್ಸಿಲ್, ನಾಲಿಗೆಯ ಬುಡ ಕೂಡ ಸೇರಿಕೊಳ್ಳಬಹುದು. ಉಸಿರು ಒಳಗೆ ಎಳೆಯುವಾಗ ಸದ್ದು ಜಾಸ್ತಿ ಬರುವುದೂ ಇದೇ ಕಾರಣಕ್ಕೆ.

ಎಳನೀರು ಅಂಗಡಿಯ ಕಾಗದದ ಸ್ಟ್ರಾ ನೆನೆದು ಮೆತ್ತಗಾದಾಗ ಏನಾಗುತ್ತದೆ ನೋಡಿದ್ದೀರಲ್ವಾ? ಮೆಲ್ಲಗೆ ಹೀರಿದರೆ ನೀರು ಬರುತ್ತದೆ. ಸ್ವಲ್ಪ ಜೋರಾಗಿ ಹೀರಿದರೆ ಸ್ಟ್ರಾ ಅದುರುತ್ತದೆ. ಇನ್ನೂ ಜೋರಾಗಿ ಹೀರಿದರೆ ಎರಡೂ ಬದಿ ಅಂಟಿಕೊಂಡು ಏನೂ ಬರುವುದಿಲ್ಲ. ಅದುರುವ ಹಂತ ಗೊರಕೆ. ಅಂಟಿಕೊಂಡ ಹಂತ ಅಪ್ನಿಯಾ.

ಹಂತ 2: ಅಪ್ನಿಯಾ ಆದಾಗ ಏನು ನಡೆಯುತ್ತದೆ ಎಂದು ತಿಳಿಯಿರಿ

ಗಂಟಲು ಮುಚ್ಚಿಕೊಂಡು ಗಾಳಿಯ ಓಡಾಟ 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದು ಒಂದು ಅಪ್ನಿಯಾ. ಪೂರ್ತಿ ನಿಲ್ಲದೆ, ಗಾಳಿ ಬಹಳ ಕಡಿಮೆಯಾಗಿ, ಅದರಿಂದ ರಕ್ತದ ಆಮ್ಲಜನಕ ಇಳಿದರೆ ಅಥವಾ ನಿದ್ದೆ ಕದಡಿದರೆ ಅದಕ್ಕೆ ಹೈಪೊಪ್ನಿಯಾ ಎನ್ನುತ್ತಾರೆ, ಅಂದರೆ ಅರೆ-ತಡೆ. ವೈದ್ಯರು ಎರಡನ್ನೂ ಸೇರಿಸಿ ಎಣಿಸುತ್ತಾರೆ.

ತಡೆ ಉಂಟಾದಾಗ ಎದೆ ಸುಮ್ಮನಿರುವುದಿಲ್ಲ. ಉಸಿರು ಎಳೆಯಲು ಒದ್ದಾಡುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕೊನೆಗೆ ಮೆದುಳು ಕೆಲವು ಸೆಕೆಂಡು ಎಚ್ಚರದ ಅಂಚಿಗೆ ಬರುತ್ತದೆ. ಗಂಟಲಿನ ಸ್ನಾಯು ಬಿಗಿಯಾಗುತ್ತದೆ, ದಾರಿ ತೆರೆಯುತ್ತದೆ, ದೊಡ್ಡದೊಂದು ಗೊರ್ರ್ ಸದ್ದಿನೊಂದಿಗೆ ಉಸಿರು ಬರುತ್ತದೆ. ಮತ್ತೆ ನಿದ್ದೆ, ಮತ್ತೆ ಸಡಿಲ, ಮತ್ತೆ ತಡೆ. ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಗ್ಗೆ ಒಂದೂ ನೆನಪಿರುವುದಿಲ್ಲ. "ನಾನು ಚೆನ್ನಾಗಿ 8 ಗಂಟೆ ಮಲಗಿದೆ" ಎಂದು ಅವರು ಹೇಳಿದರೆ ಅದು ಸುಳ್ಳಲ್ಲ. ಅವರಿಗೆ ಗೊತ್ತಿರುವುದೇ ಅಷ್ಟು.

ಪ್ರತಿ ತಡೆಯ ಕೊನೆಯಲ್ಲಿ ಹೃದಯದ ಬಡಿತವೂ ರಕ್ತದೊತ್ತಡವೂ ಜಿಗಿಯುತ್ತವೆ. ಇದು ರಾತ್ರಿಯೆಲ್ಲ, ವರ್ಷಗಟ್ಟಲೆ ನಡೆದರೆ ಹಗಲಿನ ಬಿಪಿಯೂ ಏರುತ್ತದೆ. ಮಾತ್ರೆ ಮೇಲೆ ಮಾತ್ರೆ ಸೇರಿಸಿದರೂ ಬಿಪಿ ಹತೋಟಿಗೆ ಬರದವರಲ್ಲಿ ವೈದ್ಯರು ಅಪ್ನಿಯಾ ಇದೆಯೇ ಎಂದು ಹುಡುಕುವುದು ಇದಕ್ಕೇ.

ಎಚ್ಚರಿಕೆ: ನಮ್ಮಲ್ಲಿ ಗೊರಕೆ ಅಂದರೆ ಗಾಢ ನಿದ್ದೆ ಎಂಬ ನಂಬಿಕೆ ಬಲವಾಗಿದೆ. "ಪಾಪ, ದಣಿದಿದ್ದಾರೆ, ಹಾಯಾಗಿ ಮಲಗಿದ್ದಾರೆ" ಎಂದು ಬಿಟ್ಟುಬಿಡುತ್ತೇವೆ. ಗೊರಕೆ ತೋರಿಸುವುದು ದಾರಿ ಕಿರಿದಾಗಿದೆ ಎಂಬುದನ್ನು ಮಾತ್ರ. ನಿದ್ದೆ ಎಷ್ಟು ಗಾಢ ಎಂಬುದನ್ನು ಅದು ಹೇಳುವುದಿಲ್ಲ.

ಹಂತ 3: ರಾತ್ರಿ ರೆಕಾರ್ಡ್ ಮಾಡಿ

ಮಾಮೂಲಿ ರಾತ್ರಿಯೊಂದನ್ನು ಆರಿಸಿಕೊಳ್ಳಿ. ಶೀತ, ಮೂಗು ಕಟ್ಟಿದ ದಿನ ಬೇಡ. ಮದ್ಯ ಕುಡಿದ ರಾತ್ರಿಯೂ ಬೇಡ, ಯಾಕೆಂದರೆ ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಅವರು ದಿನಾ ಕುಡಿಯುವವರಾದರೆ ಅದನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡು ರೆಕಾರ್ಡ್ ಮಾಡಿ.

ಮೊದಲ ರಾತ್ರಿ ಬರೀ ಧ್ವನಿ ರೆಕಾರ್ಡ್ ಮಾಡಿದರೆ ಸಾಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಚಾರ್ಜರ್‌ಗೆ ಸಿಕ್ಕಿಸಿ, ತಲೆಯಿಂದ ಒಂದು ಮೀಟರ್ ದೂರದಲ್ಲಿ ಇಡಿ. ದಿಂಬಿನ ಕೆಳಗೆ ಇಡಬೇಡಿ, ಫೋನು ಬಿಸಿಯಾಗುತ್ತದೆ. ಫ್ಯಾನನ್ನು ಕಡಿಮೆ ವೇಗದಲ್ಲಿಡಿ. ಸೀಲಿಂಗ್ ಫ್ಯಾನಿನ ಸದ್ದು ಉಸಿರಿನ ಸದ್ದನ್ನು ನುಂಗಿಬಿಡುತ್ತದೆ. ಒಂಟಿಯಾಗಿ ಮಲಗುವವರೂ ಇಷ್ಟನ್ನು ತಾವೇ ಮಾಡಿಕೊಳ್ಳಬಹುದು.

ಬೆಳಗ್ಗೆ ಇಡೀ ರೆಕಾರ್ಡಿಂಗ್ ಕೇಳಬೇಕಾಗಿಲ್ಲ. ಧ್ವನಿಯ ಗೆರೆ ತೋರಿಸುವ ಆ್ಯಪ್ ಆದರೆ ಎಲ್ಲಿ ಸದ್ದು ಎತ್ತರಕ್ಕೆ ಹೋಗಿ, ನಡುನಡುವೆ ಚಪ್ಪಟೆಯಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಆ ಹೊತ್ತನ್ನು ಗುರುತು ಹಾಕಿ. ಎರಡನೇ ರಾತ್ರಿ ಅದೇ ಹೊತ್ತಿಗೆ ಅಲಾರಾಂ ಇಟ್ಟು ಎದ್ದು, 20ರಿಂದ 30 ನಿಮಿಷ ವಿಡಿಯೊ ಮಾಡಿ. ಬಾಯಿ, ಎದೆ, ಹೊಟ್ಟೆ ಮೂರೂ ಚೌಕಟ್ಟಿನಲ್ಲಿರಲಿ. ದಪ್ಪ ರಜಾಯಿ ಹೊದ್ದಿದ್ದರೆ ಎದೆಯ ಏರಿಳಿತ ಕಾಣುವುದಿಲ್ಲ, ತೆಳು ಹೊದಿಕೆ ಕೊಡಿ.

ಎಚ್ಚರಿಕೆ: ಮಲಗಿದ ಮೊದಲ ಅರ್ಧ ಗಂಟೆ ನೋಡಿ "ಏನೂ ಇಲ್ಲ" ಎಂದು ತೀರ್ಮಾನಿಸಬೇಡಿ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಸ್ನಾಯುಗಳು ಅತ್ಯಂತ ಸಡಿಲ. ಆ ಹಂತ ಬೆಳಗಿನ ಜಾವದಲ್ಲಿ ಹೆಚ್ಚು. ಎಷ್ಟೋ ಜನರಲ್ಲಿ ತಡೆಗಳು 3 ಗಂಟೆಯ ನಂತರವೇ ದಟ್ಟವಾಗುತ್ತವೆ. ಪಕ್ಕದವರೂ ಆ ಹೊತ್ತಿಗೆ ಒಳ್ಳೆ ನಿದ್ದೆಯಲ್ಲಿರುತ್ತಾರೆ, ಹಾಗಾಗಿ ಯಾರೂ ನೋಡುವುದಿಲ್ಲ.

ಇನ್ನೊಂದು ಮಾತು. ವಿಡಿಯೊ ಮಾಡುವಾಗ ಉಸಿರು ನಿಂತಂತೆ ಕಂಡರೆ ಗಾಬರಿಯಾಗುವುದು ಸಹಜ. ಸಾಮಾನ್ಯವಾಗಿ ಮೆದುಳು ತಾನೇ ಎಚ್ಚರಿಸಿ ಉಸಿರು ಎಳೆಸುತ್ತದೆ. ಆದರೆ ತುಟಿ ನೀಲಿಯಾದರೆ ಅಥವಾ ತುಂಬ ಹೊತ್ತು ಉಸಿರು ಬಾರದಿದ್ದರೆ ಕಾಯಬೇಡಿ, ಎಬ್ಬಿಸಿ. ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ.

ಹಂತ 4: ರೆಕಾರ್ಡಿಂಗ್ ಓದುವುದು ಹೇಗೆ

ಇಡೀ ಲೇಖನದ ತಿರುಳು ಇಲ್ಲಿದೆ. ಸದ್ದು ಎಷ್ಟು ಜೋರು ಎಂದು ನೋಡಬೇಡಿ. ಸದ್ದಿನ ಲಯ ನೋಡಿ.

ಬರೀ ಗೊರಕೆಯಲ್ಲಿ ಲಯ ಕೆಡುವುದಿಲ್ಲ. ಉಸಿರು ಎಳೆದಾಗ ಗರ್ರ್, ಬಿಟ್ಟಾಗ ಸದ್ದಿಲ್ಲ ಅಥವಾ ಸಣ್ಣ ಸದ್ದು, ಮತ್ತೆ ಗರ್ರ್. ನಿಮಿಷಕ್ಕೆ 12ರಿಂದ 18 ಉಸಿರು. ಎರಡು ಉಸಿರಿನ ನಡುವೆ ಕೆಲವೇ ಸೆಕೆಂಡು. ಎದೆಯೂ ಹೊಟ್ಟೆಯೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಮಗ್ಗುಲಾದರೆ ಸದ್ದು ಕಡಿಮೆಯಾಗುತ್ತದೆ.

ಅಪ್ನಿಯಾದಲ್ಲಿ ಸುತ್ತು ಕಾಣುತ್ತದೆ. ಗೊರಕೆ ಸ್ವಲ್ಪ ಸ್ವಲ್ಪವೇ ಏರುತ್ತದೆ. ಇದ್ದಕ್ಕಿದ್ದಂತೆ ಮೌನ. ಆ ಮೌನದಲ್ಲಿ ಎದೆ-ಹೊಟ್ಟೆ ನೋಡಿ. ಎದೆ ಒಳಕ್ಕೆ ಹೋಗುವಾಗ ಹೊಟ್ಟೆ ಉಬ್ಬುತ್ತದೆ, ತಿರುಗಿ ಅದೇ. ಒಂದಕ್ಕೊಂದು ಎದುರಾಗಿ ಆಡುವ ಈ ಚಲನೆ ಗಂಟಲು ಮುಚ್ಚಿದೆ ಎಂಬುದಕ್ಕೆ ಒಳ್ಳೆಯ ಗುರುತು. ಆಮೇಲೆ ಮೈ ಕುಲುಕಿ, ಕಾಲು ಒದರಿ, ಉಸಿರುಗಟ್ಟಿದವರಂತೆ ದೊಡ್ಡ ಸದ್ದು. ನಾಲ್ಕೈದು ಜೋರು ಉಸಿರು. ಮತ್ತೆ ಅದೇ ಸುತ್ತು.

ಸ್ಟಾಪ್‌ವಾಚ್ ಹಿಡಿದು ಮೌನಗಳನ್ನು ಅಳೆಯಿರಿ. 10 ಸೆಕೆಂಡಿಗಿಂತ ಕಡಿಮೆ ಇದ್ದುದನ್ನು ಬಿಡಿ. ಮಗ್ಗುಲು ಬದಲಿಸಿದಾಗ, ನಿಟ್ಟುಸಿರು ಬಿಟ್ಟ ಮೇಲೆ ಬರುವ ಒಂದೊಂದು ಚಿಕ್ಕ ನಿಲುಗಡೆ ಎಲ್ಲರಲ್ಲೂ ಇರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 52 ವರ್ಷದ ಗಂಡಸು. ಎತ್ತರ 170 ಸೆಂ.ಮೀ., ತೂಕ 84 ಕೆ.ಜಿ., ಬಿಪಿಗೆ ಮಾತ್ರೆ. ಬೆಳಗಿನ ಜಾವ 4 ಗಂಟೆಗೆ ಹೆಂಡತಿ 20 ನಿಮಿಷ ವಿಡಿಯೊ ಮಾಡಿದ್ದಾರೆ. ಅವರು ಅಂಗಾತ ಮಲಗಿದ್ದಾರೆ. ಅದರಲ್ಲಿ 10 ಸೆಕೆಂಡ್ ದಾಟಿದ ಮೌನಗಳು 9. ಚಿಕ್ಕದು 14 ಸೆಕೆಂಡ್, ದೊಡ್ಡದು 26. ಪ್ರತಿ ಮೌನದಲ್ಲೂ ಹೊಟ್ಟೆ ಆಡುತ್ತಿದೆ, ಪ್ರತಿಯೊಂದರ ಕೊನೆಗೂ ಗೊರ್ರ್ ಸದ್ದಿದೆ. ಹಾಳೆಯಲ್ಲಿ ಬರೆಯಬೇಕಾದದ್ದು ಇಷ್ಟೇ: ಹೊತ್ತು, ಮಲಗಿದ್ದ ಭಂಗಿ, ಮೌನಗಳ ಸಂಖ್ಯೆ, ಅತಿ ದೊಡ್ಡ ಮೌನ. 20 ನಿಮಿಷಕ್ಕೆ 9 ಆದರೆ ಗಂಟೆಗೆ 27 ಎಂದು ಲೆಕ್ಕ ಹಾಕಿ ಅದನ್ನೇ ರೋಗದ ಪ್ರಮಾಣ ಎನ್ನಬೇಡಿ. ಇದು ರಾತ್ರಿಯ ಅತಿ ಕೆಟ್ಟ ತುಣುಕು ಇರಬಹುದು. ಆದರೆ ಪರೀಕ್ಷೆ ಬೇಕು ಎನ್ನಲು ಇಷ್ಟು ಸಾಕು.

ಎಚ್ಚರಿಕೆ 1: ಮೌನ ಸಿಗಲಿಲ್ಲ ಎಂದರೆ ಅಪ್ನಿಯಾ ಇಲ್ಲ ಎಂದಲ್ಲ. ಅರೆ-ತಡೆಯಲ್ಲಿ ಗೊರಕೆ ನಿಲ್ಲದೆಯೂ ಇರಬಹುದು, ಕಿವಿಗೆ ಅದು ಸಿಗುವುದಿಲ್ಲ. ಹಗಲಿನ ಲಕ್ಷಣಗಳಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಎಚ್ಚರಿಕೆ 2: ಮೌನದಲ್ಲಿ ಎದೆ, ಹೊಟ್ಟೆ ಎರಡೂ ಅಲುಗದೆ ನಿಂತಿದ್ದರೆ ಅದು ಬೇರೆ ಬಗೆ. ಸೆಂಟ್ರಲ್ ಅಪ್ನಿಯಾ ಎನ್ನುತ್ತಾರೆ. ಅಲ್ಲಿ ಗಂಟಲಿನ ತಪ್ಪಿಲ್ಲ, ಉಸಿರಾಡು ಎಂಬ ಆಜ್ಞೆಯೇ ಮೆದುಳಿನಿಂದ ಬರುತ್ತಿಲ್ಲ. ಹೃದಯ ವೈಫಲ್ಯ ಇರುವವರಲ್ಲಿ, ಕೆಲವು ಬಲವಾದ ನೋವಿನ ಮದ್ದು ತೆಗೆದುಕೊಳ್ಳುವವರಲ್ಲಿ ಕಾಣಿಸುತ್ತದೆ. ಚಿಕಿತ್ಸೆಯೂ ಬೇರೆ. ವೈದ್ಯರಿಗೆ ಆ ವಿಡಿಯೊ ತಪ್ಪದೆ ತೋರಿಸಿ.

ಹಂತ 5: ಹಗಲಿನ ಗುರುತುಗಳನ್ನು ಸೇರಿಸಿ

ಬರೀ ಗೊರಕೆ ಇರುವವರು ಬೆಳಗ್ಗೆ ಹುರುಪಾಗಿ ಏಳುತ್ತಾರೆ. ನಿದ್ದೆಗೆಡುವುದು ಪಕ್ಕದವರು. ಅಪ್ನಿಯಾ ಇರುವವರಲ್ಲಿ ಎದ್ದಾಗ ಬಾಯಿ ಒಣಗಿರುತ್ತದೆ, ತಲೆ ಭಾರ ಅಥವಾ ನೋವು, ಎಷ್ಟು ಮಲಗಿದರೂ ಸಾಲದು ಅನ್ನಿಸುತ್ತದೆ. ಹಗಲಲ್ಲಿ ಕೂತಲ್ಲೇ ತೂಕಡಿಕೆ.

ಊಟದ ನಂತರ ಕಣ್ಣು ಎಳೆಯುವುದು ಎಲ್ಲರಿಗೂ ಇದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಯಾರ ಜೊತೆಗೋ ಮಾತಾಡುತ್ತಾ ಕೂತಿರುವಾಗ ಜೋಂಪು ಹತ್ತುತ್ತದೆಯೇ, ಸಿಗ್ನಲ್‌ನಲ್ಲಿ ವಾಹನ ನಿಂತ ಎರಡು ನಿಮಿಷದಲ್ಲಿ ಕಣ್ಣು ಮುಚ್ಚುತ್ತದೆಯೇ ಎಂದು ಕೇಳಿ. ಆಸ್ಪತ್ರೆಗಳಲ್ಲಿ ಬಳಸುವ ಎಪ್‌ವರ್ತ್ ಪಟ್ಟಿಯಲ್ಲೂ ಇಂಥದ್ದೇ 8 ಸನ್ನಿವೇಶಗಳಿವೆ. ಪ್ರತಿಯೊಂದಕ್ಕೂ 0ರಿಂದ 3 ಅಂಕ. ಒಟ್ಟು 10 ದಾಟಿದರೆ ಹಗಲು ನಿದ್ದೆ ಮಿತಿಮೀರಿದೆ ಎಂದರ್ಥ. ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಇದನ್ನು ಪ್ರಕಟಿಸಿದರು.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ಸಾಮಾನ್ಯವಾಗಿ ಯಾರೂ ಗೊರಕೆಗೆ ಜೋಡಿಸುವುದಿಲ್ಲ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್, ವಯಸ್ಸು ಎಂದುಕೊಳ್ಳುತ್ತಾರೆ. ಅವೂ ಕಾರಣ ಇರಬಹುದು. ಆದರೆ ಮುಚ್ಚಿದ ಗಂಟಲಿನ ಎದುರು ಉಸಿರು ಎಳೆಯುವಾಗ ಎದೆಯೊಳಗೆ ಸೆಳೆತ ಹೆಚ್ಚಿ, ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ದೇಹದಲ್ಲಿ ನೀರು ಜಾಸ್ತಿಯಾಗಿದೆ ಎಂದುಕೊಂಡ ಹೃದಯ, ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತದೆ. ಅಪ್ನಿಯಾಕ್ಕೆ ಚಿಕಿತ್ಸೆ ಶುರುವಾದ ಮೇಲೆ ರಾತ್ರಿ ಏಳುವುದು ಕಡಿಮೆಯಾದ ಅನುಭವ ಅನೇಕರಿಗಿದೆ.

ಇನ್ನು 8 ಪ್ರಶ್ನೆಗಳ ಇನ್ನೊಂದು ಪಟ್ಟಿ ಇದೆ, ಸ್ಟಾಪ್-ಬ್ಯಾಂಗ್ ಎನ್ನುತ್ತಾರೆ. ಮುಚ್ಚಿದ ಬಾಗಿಲಿನಾಚೆ ಕೇಳುವಷ್ಟು ಗೊರಕೆ ಇದೆಯೇ? ಹಗಲು ಆಯಾಸವೇ? ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿಪಿ ಇದೆಯೇ? ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 35ಕ್ಕಿಂತ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂ.ಮೀ. ಮೀರಿದೆಯೇ? ಗಂಡಸೇ? ಒಂದೊಂದು ಹೌದಿಗೆ ಒಂದು ಅಂಕ. 2ರವರೆಗೆ ಸಾಧ್ಯತೆ ಕಡಿಮೆ, 3-4 ನಡುವಿನದು, 5 ಅಥವಾ ಅದಕ್ಕಿಂತ ಹೆಚ್ಚಾದರೆ ಜಾಸ್ತಿ. ನಮ್ಮ ಉದಾಹರಣೆಯ ವ್ಯಕ್ತಿಯ ಕುತ್ತಿಗೆ 42 ಸೆಂ.ಮೀ. ಬಿಎಂಐ 29. ಹಗಲು ಆಯಾಸವೂ ಇದೆ. ತೂಕದ ಪ್ರಶ್ನೆ ಒಂದಕ್ಕೆ ಬಿಟ್ಟರೆ ಉಳಿದ 7ಕ್ಕೂ ಹೌದು.

ಕುತ್ತಿಗೆಯನ್ನು ಟೇಪಿನಿಂದಲೇ ಅಳೆಯಿರಿ, ಗಂಟಲ ಗಂಟಿನ ಮಟ್ಟದಲ್ಲಿ. ಅಂಗಿಯ ಮೇಲಿನ "40" ಎಷ್ಟೋ ಸಲ ಎದೆಯ ಇಂಚಿನ ಅಳತೆ, ಅದನ್ನು ನೋಡಿ ಮೋಸಹೋಗಬೇಡಿ.

ಎಚ್ಚರಿಕೆ: "ನಾನು ದಪ್ಪ ಇಲ್ಲ, ನನಗೆ ಬರಲ್ಲ" ಎನ್ನಬೇಡಿ. ಚಿಕ್ಕ ಅಥವಾ ಹಿಂದಕ್ಕೆ ಸರಿದ ದವಡೆ ಇದ್ದರೆ ನಾಲಿಗೆಗೆ ಜಾಗ ಸಾಲದು. ಏಷ್ಯಾದ ಜನರಲ್ಲಿ ಕಡಿಮೆ ತೂಕದಲ್ಲೇ ಅಪ್ನಿಯಾ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. 35ರ ಬಿಎಂಐ ಗೆರೆ ನಮಗೆ ತೀರಾ ಮೇಲಾಯಿತು. ಹೆಂಗಸರ ವಿಷಯದಲ್ಲೂ ಈ ಪಟ್ಟಿ ಸ್ವಲ್ಪ ಎಡವುತ್ತದೆ. ಅವರು ಗೊರಕೆಗಿಂತ ಹೆಚ್ಚಾಗಿ ಸುಸ್ತು, ತಲೆನೋವು, ನಿದ್ದೆ ಬರುತ್ತಿಲ್ಲ ಎಂದು ಹೇಳಿಕೊಂಡು ಬರುತ್ತಾರೆ. ಮುಟ್ಟು ನಿಂತ ಮೇಲೆ ಅಪ್ನಿಯಾದ ಸಾಧ್ಯತೆ ಏರುತ್ತದೆ. "ವಯಸ್ಸಾಯ್ತಲ್ಲ, ಅದಕ್ಕೆ ಸುಸ್ತು" ಎಂದು ತಾಯಂದಿರ ಮಾತನ್ನು ತಳ್ಳಿಹಾಕುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಅವರ ರಾತ್ರಿಯನ್ನೂ ಒಮ್ಮೆ ರೆಕಾರ್ಡ್ ಮಾಡಿ.

ಹಂತ 6: ಯಾರ ಬಳಿ ಹೋಗಬೇಕು, ಯಾವ ಪರೀಕ್ಷೆ

ನಿಮ್ಮ ಮಾಮೂಲಿ ಡಾಕ್ಟರಿಂದಲೇ ಶುರು ಮಾಡಿ. ವಿಡಿಯೊದಲ್ಲಿ ಒಂದೆರಡು ನಿಮಿಷದ ತುಣುಕು ಕತ್ತರಿಸಿ ಇಟ್ಟುಕೊಂಡು ಹೋಗಿ, ಇಡೀ ಅರ್ಧ ಗಂಟೆ ನೋಡಲು ಅವರಿಗೆ ಸಮಯವಿರುವುದಿಲ್ಲ. ಮುಂದೆ ಇಎನ್‌ಟಿ, ಅಂದರೆ ಕಿವಿ-ಮೂಗು-ಗಂಟಲಿನ ವೈದ್ಯರು, ಅಥವಾ ಶ್ವಾಸಕೋಶ ತಜ್ಞರು ನೋಡುತ್ತಾರೆ. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಥೈರಾಯ್ಡ್ ಕೊರತೆಯಲ್ಲಿ ಗಂಟಲಿನ ಅಂಗಾಂಶ ಊದಿಕೊಂಡು ಗೊರಕೆ ಹೆಚ್ಚಬಹುದು.

ಖಚಿತ ಮಾಡುವ ಪರೀಕ್ಷೆಗೆ ಪಾಲಿಸೋಮ್ನೊಗ್ರಫಿ ಎಂದು ಹೆಸರು. ಜನ "ಸ್ಲೀಪ್ ಸ್ಟಡಿ" ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಬೇಕು. ತಲೆಗೆ ಅಂಟಿಸುವ ತಂತಿಗಳು ನಿದ್ದೆಯ ಹಂತ ಅಳೆಯುತ್ತವೆ, ಮೂಗಿನ ಕೆಳಗಿನ ನಳಿಕೆ ಗಾಳಿಯನ್ನು, ಎದೆ-ಹೊಟ್ಟೆಯ ಪಟ್ಟಿಗಳು ಉಸಿರಿನ ಪ್ರಯತ್ನವನ್ನು, ಬೆರಳ ಕ್ಲಿಪ್ ಆಮ್ಲಜನಕವನ್ನು. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಮನೆಗೇ ತಂದು ಕಟ್ಟಿಕೊಳ್ಳುವ ಚಿಕ್ಕ ಯಂತ್ರವೂ ಇದೆ. ಹೆಚ್ಚಿನವುಗಳಲ್ಲಿ ತಲೆಯ ತಂತಿಗಳಿರುವುದಿಲ್ಲ.

ವರದಿಯಲ್ಲಿ ಮೊದಲು ನೋಡಬೇಕಾದ ಅಂಕಿ ಎಎಚ್‌ಐ. ನಿದ್ದೆಯ ಒಂದು ಗಂಟೆಗೆ ಸರಾಸರಿ ಎಷ್ಟು ತಡೆ ಮತ್ತು ಅರೆ-ತಡೆ ಎಂಬ ಲೆಕ್ಕ ಅದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. 5ರ ಒಳಗಿದ್ದು ಗೊರಕೆ ಮಾತ್ರ ಇದ್ದರೆ ಅದೇ ನಾವು ಹೇಳುವ ಬರೀ ಗೊರಕೆ.

ನಮ್ಮ ಉದಾಹರಣೆಯ ವ್ಯಕ್ತಿ 7 ಗಂಟೆ ಹಾಸಿಗೆಯಲ್ಲಿದ್ದರು, ನಿದ್ದೆ ಮಾಡಿದ್ದು 6 ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು ತಡೆ 144. 6ರಿಂದ ಭಾಗಿಸಿದರೆ ಎಎಚ್‌ಐ 24, ಮಧ್ಯಮ. ಅದೇ ಮನೆಯ ಯಂತ್ರವಾಗಿದ್ದರೆ ನಿದ್ದೆ ಯಾವಾಗ ಬಂತು ಎಂದು ಅದಕ್ಕೆ ಗೊತ್ತಾಗದೆ 7ರಿಂದ ಭಾಗಿಸಿ, 20-21 ಎಂದು ತೋರಿಸುತ್ತಿತ್ತು. ಅದಕ್ಕೇ ಮನೆಯ ಪರೀಕ್ಷೆಯಲ್ಲಿ ಅಂಕಿ ಕಡಿಮೆ ಬರುವ ಸಾಧ್ಯತೆ ಇದೆ. ಲಕ್ಷಣ ಜೋರಾಗಿದ್ದು ಮನೆಯ ವರದಿ ಸಹಜ ಎಂದರೆ ಆಸ್ಪತ್ರೆಯ ಪರೀಕ್ಷೆ ಕೇಳಿ.

ಎಎಚ್‌ಐ ಪಕ್ಕದಲ್ಲೇ ಭಂಗಿಯ ವಿವರ ಇರುತ್ತದೆ, ಅದನ್ನು ಬಿಡಬೇಡಿ. ಇವರು ಅಂಗಾತ ಮಲಗಿದ 3 ಗಂಟೆಯಲ್ಲಿ 114 ತಡೆ, ಅಂದರೆ ಗಂಟೆಗೆ 38. ಮಗ್ಗುಲಾಗಿ ಮಲಗಿದ 3 ಗಂಟೆಯಲ್ಲಿ 30, ಗಂಟೆಗೆ 10. ಮಗ್ಗುಲಲ್ಲಿ ಬಹಳ ಸುಧಾರಿಸುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಎಚ್ಚರಿಕೆ: ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್‌ನಲ್ಲಿ ಹಗಲು 98 ತೋರಿಸಿತು ಎಂದು ಸಮಾಧಾನಪಡಬೇಡಿ. ಅಪ್ನಿಯಾದಲ್ಲಿ ಆಮ್ಲಜನಕ ಇಳಿಯುವುದು ನಿದ್ದೆಯಲ್ಲಿ, ಅದೂ ಕೆಲವು ಸೆಕೆಂಡು ಇಳಿದು ಮತ್ತೆ ಏರುತ್ತದೆ. ಸ್ಮಾರ್ಟ್ ವಾಚ್ ಎಚ್ಚರಿಕೆ ಕೊಟ್ಟರೆ ವೈದ್ಯರಿಗೆ ಹೇಳಿ. ಅದು ಸುಮ್ಮನಿದ್ದ ಮಾತ್ರಕ್ಕೆ ಅಪ್ನಿಯಾ ಇಲ್ಲ ಎಂದುಕೊಳ್ಳಬೇಡಿ.

ಹಂತ 7: ಬರೀ ಗೊರಕೆ ಎಂದಾದರೆ

ಮಗ್ಗುಲಾಗಿ ಮಲಗುವುದು ಮೊದಲ ಮದ್ದು. ನಿದ್ದೆಯಲ್ಲಿ ಅಂಗಾತವಾಗುವವರು ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಹಾಕಿಕೊಳ್ಳಬಹುದು. ಮಲಗುವ ಮುಂಚಿನ ಕೆಲವು ಗಂಟೆ ಮದ್ಯ ಬೇಡ. ನಿದ್ದೆ ಮಾತ್ರೆಯನ್ನು ಸ್ವಂತವಾಗಿ ತೆಗೆದುಕೊಳ್ಳಬೇಡಿ, ಅದೂ ಸ್ನಾಯುಗಳನ್ನು ಸಡಿಲಿಸಬಹುದು.

ಮೂಗು ಪರೀಕ್ಷಿಸಿ. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಉಸಿರಾಡಿ. ಎರಡೂ ಬದಿ ಕಷ್ಟವಾದರೆ, ಅಥವಾ ಒಂದೇ ಬದಿ ಸದಾ ಕಟ್ಟಿದ್ದರೆ, ಅಲರ್ಜಿಯೋ ಮೂಗಿನ ನಡುಗೋಡೆ ಸೊಟ್ಟಗಿರುವುದೋ ಕಾರಣವಾಗಿರಬಹುದು. ಮೂಗು ಕಟ್ಟಿದಾಗ ಜೋರಾಗಿ ಉಸಿರು ಎಳೆಯಬೇಕಾಗುತ್ತದೆ, ಅಂಗುಳ ಇನ್ನಷ್ಟು ಕಂಪಿಸುತ್ತದೆ. ಮೂಗು ತೆರೆಯುವ ಪಟ್ಟಿಗಳು ಇಂಥವರಿಗೆ ಸ್ವಲ್ಪ ಸಹಾಯ ಮಾಡಬಹುದು. ಸಮಸ್ಯೆ ಗಂಟಲಲ್ಲಿದ್ದರೆ ಪ್ರಯೋಜನ ಕಡಿಮೆ. ಮೂಗು ಬಿಡಿಸುವ ಡ್ರಾಪ್ಸನ್ನು ಅಂಗಡಿಯಿಂದ ತಂದು 5 ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಡ್ರಾಪ್ಸ್ ಬಿಟ್ಟರೇ ಮೂಗು ಕಟ್ಟುವ ಸ್ಥಿತಿ ಬರುತ್ತದೆ.

ಎಚ್ಚರಿಕೆ: ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗುವ ವಿಡಿಯೊಗಳು ಈಗ ಎಲ್ಲೆಡೆ ಇವೆ. ಮೂಗು ಕಟ್ಟಿದವರಿಗೆ, ಅಪ್ನಿಯಾ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಅದು ಅಪಾಯ. ದಯವಿಟ್ಟು ಮಾಡಬೇಡಿ.

ಇನ್ನೂ ದೊಡ್ಡ ಎಚ್ಚರಿಕೆ: ಪರೀಕ್ಷೆ ಮಾಡಿಸದೆ ಗೊರಕೆ ನಿಲ್ಲಿಸಲು ಅಂಗುಳದ ಶಸ್ತ್ರಚಿಕಿತ್ಸೆಗೆ ಹೋಗಬೇಡಿ. ಅಂಗುಳವನ್ನು ಕತ್ತರಿಸಿ ಅಥವಾ ಲೇಸರ್‌ನಿಂದ ಗಟ್ಟಿಮಾಡಿದರೆ ಅದು ಕಂಪಿಸುವುದು ಕಡಿಮೆಯಾಗಬಹುದು. ಆದರೆ ನಾಲಿಗೆಯ ಬುಡದಲ್ಲಿ ದಾರಿ ಮುಚ್ಚುತ್ತಿದ್ದರೆ ಅದು ಮುಚ್ಚುತ್ತಲೇ ಇರುತ್ತದೆ. ಸದ್ದು ಹೋಗಿ ತಡೆ ಉಳಿಯುತ್ತದೆ. ಮನೆಯವರನ್ನು ಎಚ್ಚರಿಸುತ್ತಿದ್ದ ಒಂದೇ ಗುರುತು ಇಲ್ಲವಾಗುತ್ತದೆ.

ಹಂತ 8: ಅಪ್ನಿಯಾ ಎಂದಾದರೆ

ಮಧ್ಯಮ ಮತ್ತು ತೀವ್ರ ಅಪ್ನಿಯಾಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಮಾಸ್ಕಿನ ಮೂಲಕ ಸಣ್ಣ ಒತ್ತಡದ ಗಾಳಿ ಒಳಗೆ ಬಂದು, ಗಂಟಲಿನ ಗೋಡೆಗಳು ಅಂಟಿಕೊಳ್ಳದಂತೆ ಹಿಡಿದಿಡುತ್ತದೆ. ಇದು ಆಮ್ಲಜನಕದ ಯಂತ್ರವಲ್ಲ, ಕೋಣೆಯ ಗಾಳಿಯನ್ನೇ ಕೊಡುತ್ತದೆ. ಮನೆಯಲ್ಲಿ ಬಿದ್ದಿರುವ ಆಕ್ಸಿಜನ್ ಕಾನ್ಸೆಂಟ್ರೇಟರ್ ಇದರ ಬದಲಿಗೆ ಆಗುವುದಿಲ್ಲ.

ಒತ್ತಡ ಎಷ್ಟಿರಬೇಕು ಎಂದು ವೈದ್ಯರು ಹೊಂದಿಸಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಎಂದು ತಂದು ಮನಸ್ಸಿಗೆ ಬಂದಂತೆ ಇಟ್ಟುಕೊಳ್ಳಬೇಡಿ. ಮೊದಲ ವಾರದಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಹೆಚ್ಚಿನ ಸಲ ತೊಂದರೆ ಮಾಸ್ಕಿನದ್ದು: ಅಳತೆ ಹೊಂದಿಲ್ಲ, ಕಣ್ಣಿನ ಕಡೆಗೆ ಗಾಳಿ ಸೋರುತ್ತಿದೆ, ಮೀಸೆ-ಗಡ್ಡ ಅಡ್ಡ ಬರುತ್ತಿದೆ. ಬೇರೆ ಬಗೆಯ ಮಾಸ್ಕ್ ಕೇಳಿ. ಹಗಲು ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿ ಅಭ್ಯಾಸ ಮಾಡಿಕೊಳ್ಳಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಅಥವಾ ಬ್ಯಾಟರಿಯ ವಿಷಯ ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಸೌಮ್ಯ ಅಪ್ನಿಯಾ ಇರುವವರಿಗೆ, ಸಿಪ್ಯಾಪ್ ಒಗ್ಗದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನವಿದೆ. ದಂತವೈದ್ಯರು ಅಳತೆ ತೆಗೆದು ಮಾಡಿಕೊಡುತ್ತಾರೆ. ತೂಕವೂ ಮುಖ್ಯ. ನಮ್ಮ ಉದಾಹರಣೆಯವರು ಸುಮಾರು 8 ಕೆ.ಜಿ., ಅಂದರೆ ಹತ್ತರಲ್ಲಿ ಒಂದು ಪಾಲು ಇಳಿಸಿದರೆ ತಡೆಗಳು ಹೆಚ್ಚುಕಡಿಮೆ ಕಾಲು ಭಾಗ ತಗ್ಗುವ ನಿರೀಕ್ಷೆ ಇರುತ್ತದೆ. 24 ಇದ್ದದ್ದು 18ರ ಹತ್ತಿರ ಬರಬಹುದು. ಒಳ್ಳೆಯದೇ, ಆದರೆ ಆಗಲೂ ಅದು ಮಧ್ಯಮ. ಹಾಗಾಗಿ ತೂಕ ಇಳಿಸಿ ಆಮೇಲೆ ನೋಡೋಣ ಎಂದು ಯಂತ್ರವನ್ನು ಮುಂದೂಡಬೇಡಿ. ಎರಡೂ ಒಟ್ಟಿಗೆ ನಡೆಯಲಿ.

ಕಾಯಬಾರದ ಸಂದರ್ಭಗಳು

ಮಗು ವಾರದಲ್ಲಿ ಹೆಚ್ಚಿನ ರಾತ್ರಿ ಗೊರಕೆ ಹೊಡೆಯುತ್ತಿದ್ದರೆ ಮುದ್ದು ಎಂದುಕೊಳ್ಳಬೇಡಿ. ಮಕ್ಕಳಲ್ಲಿ ಮುಖ್ಯ ಕಾರಣ ಊದಿಕೊಂಡ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್. ಅವರು ದೊಡ್ಡವರಂತೆ ತೂಕಡಿಸದೆ, ಚಡಪಡಿಸುತ್ತಾರೆ, ಗಮನ ನಿಲ್ಲುವುದಿಲ್ಲ, ಹಾಸಿಗೆ ಒದ್ದೆ ಮಾಡುತ್ತಾರೆ. ಎಎಚ್‌ಐ ಅಳತೆಯೂ ಅವರಿಗೆ ಬೇರೆ, ಗಂಟೆಗೆ 1 ದಾಟಿದರೇ ಅಸಹಜ.

ಬಸ್ಸು, ಲಾರಿ, ಕ್ಯಾಬ್ ಓಡಿಸುವವರಿಗೆ ಸ್ಟೀರಿಂಗ್ ಹಿಡಿದಾಗ ಜೋಂಪು ಬರುತ್ತಿದ್ದರೆ ಪರೀಕ್ಷೆಯಾಗಿ ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ವಾಹನ ಓಡಿಸಬಾರದು. ದುಡಿಮೆಯ ಪ್ರಶ್ನೆ ಎಂದು ಗೊತ್ತು. ಆದರೂ ಹೇಳಲೇಬೇಕು.

ಗೊರಕೆ ಹೊಡೆಯುವ ಯಾರಿಗಾದರೂ ಹರ್ನಿಯಾ, ಮಂಡಿ, ಗರ್ಭಕೋಶ, ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ತಿಳಿಸಿ. ಅರಿವಳಿಕೆ ಮತ್ತು ಆಪರೇಷನ್ ನಂತರದ ನೋವಿನ ಮದ್ದು ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತವೆ, ಎಚ್ಚರಗೊಳ್ಳುವ ಶಕ್ತಿಯನ್ನೂ ತಗ್ಗಿಸುತ್ತವೆ. ಮೊದಲೇ ಗೊತ್ತಿದ್ದರೆ ಅವರು ಮದ್ದಿನ ಪ್ರಮಾಣ ಹೊಂದಿಸುತ್ತಾರೆ, ಆ ರಾತ್ರಿ ಉಸಿರಿನ ಮೇಲೆ ಕಣ್ಣಿಡುತ್ತಾರೆ. ಸಿಪ್ಯಾಪ್ ಬಳಸುವವರು ಯಂತ್ರವನ್ನೂ ಮಾಸ್ಕನ್ನೂ ಸ್ಲೀಪ್ ಸ್ಟಡಿ ವರದಿಯನ್ನೂ ಆಸ್ಪತ್ರೆಯ ಚೀಲದಲ್ಲೇ ಇಟ್ಟುಕೊಂಡು ಹೋಗಿ.